‘ಒನ್ ಆಫ್ ದ ಸ್ಟೂಡೆಂಟ್ಸ್ ಹೂ’: ಕ್ರಿಯಾಪದ ಯಾರಿಗೆ ಸೇರಿದ್ದು?

ಬೆಂಗಳೂರು

ಸಹನಾ ಅವರಿಗೆ ನಮಸ್ಕಾರ.

ನಿಮ್ಮ ಕಥೆಯನ್ನು ನೀವೇ ಇಂಗ್ಲಿಷಿಗೆ ತಂದಿರುವ ಹಸ್ತಪ್ರತಿಯನ್ನು ಓದಿದೆ. ಅದರಲ್ಲಿ ಒಂದೇ ಬಗೆಯ ವಾಕ್ಯ ಮತ್ತೆಮತ್ತೆ ಎಡವಿರುವುದರಿಂದ ಈ ಪತ್ರದಲ್ಲಿ ಅದರ ಬಗ್ಗೆ ಮಾತ್ರ ಬರೆಯುತ್ತೇನೆ. ‘ಸುಮಾ ಈಸ್ ಒನ್ ಆಫ್ ದ ಸ್ಟೂಡೆಂಟ್ಸ್ ಹೂ ಟ್ರಾವೆಲ್ಸ್ ಫ್ರಮ್ ಮಂಡ್ಯ’ ಎಂದು ಬರೆದಿದ್ದೀರಿ. ಅಲ್ಲಿ ‘ಟ್ರಾವೆಲ್’ ಎಂಬ ಬಹುವಚನ ರೂಪ ಇರಬೇಕಿತ್ತು. ‘ಹೂ’ ಎಂಬುದು ನಿಂತಿರುವುದು ‘ಒನ್’ಗೆ ಬದಲಾಗಿ ಅಲ್ಲ, ಅದರ ಪಕ್ಕದಲ್ಲೇ ಇರುವ ‘ಸ್ಟೂಡೆಂಟ್ಸ್’ಗೆ ಬದಲಾಗಿ.

ಕನ್ನಡಿಗರು ಇಲ್ಲಿ ಎಡವುವುದಕ್ಕೆ ಕಾರಣವಿದೆ. ‘ಬರುವ ವಿದ್ಯಾರ್ಥಿ’, ‘ಬರುವ ವಿದ್ಯಾರ್ಥಿಗಳು’ ಎನ್ನುವಾಗ ನಮ್ಮ ‘ಬರುವ’ ಎಂಬ ಕೃದಂತ ಲಿಂಗಕ್ಕಾಗಲಿ ವಚನಕ್ಕಾಗಲಿ ಬದಲಾಗುವುದಿಲ್ಲ. ಹೀಗಾಗಿ ಇಲ್ಲಿ ವಚನವನ್ನು ಆರಿಸುವ ಅಭ್ಯಾಸವೇ ನಮಗಿಲ್ಲ. ಆದರೆ ಪರಿಹಾರವೂ ಅದೇ ಕನ್ನಡದಲ್ಲಿದೆ. ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡು, ‘ಬರುವ’ ಯಾವ ಪದಕ್ಕೆ ಅಂಟುತ್ತದೆ ಎಂದು ನೋಡಿ. ‘ಮಂಡ್ಯದಿಂದ ಬರುವ ವಿದ್ಯಾರ್ಥಿಗಳಲ್ಲಿ ಸುಮಾ ಒಬ್ಬಳು’ ಎಂದರೆ ಮಂಡ್ಯದಿಂದ ಬರುವವರು ಹಲವರು, ಅವಳು ಆ ಗುಂಪಿನವಳು. ಆದ್ದರಿಂದ ಇಂಗ್ಲಿಷಿನಲ್ಲಿ ಬಹುವಚನ. ‘ವಿದ್ಯಾರ್ಥಿಗಳಲ್ಲಿ ಮಂಡ್ಯದಿಂದ ಬರುವವಳು ಸುಮಾ ಒಬ್ಬಳೇ’ ಎಂದರೆ ಕೃದಂತ ಅವಳಿಗೇ ಅಂಟುತ್ತದೆ. ಆಗ ಇಂಗ್ಲಿಷಿನಲ್ಲಿ ‘ದ ಓನ್ಲಿ ಒನ್ ಆಫ್ ದ ಸ್ಟೂಡೆಂಟ್ಸ್ ಹೂ ಟ್ರಾವೆಲ್ಸ್’ ಎಂಬ ಏಕವಚನವೇ ಸರಿ. ನಿಮ್ಮ ಕಥೆಯಲ್ಲಿ ಅವಳ ಜೊತೆ ರೈಲಿನಲ್ಲಿ ಗೆಳತಿಯರೂ ಇದ್ದಾರಲ್ಲ; ಏಕವಚನ ಬಳಸಿದರೆ ಸೂಕ್ಷ್ಮ ಓದುಗನ ಕಣ್ಣಿನಲ್ಲಿ ಅವರು ಇಳಿದುಹೋಗುತ್ತಾರೆ.

ಈ ನಿಯಮ ಕಲಿತವರು ಅದನ್ನು ಅತಿಯಾಗಿ ಅನ್ವಯಿಸುವುದೂ ಉಂಟು. ‘ಮಂಡ್ಯದಿಂದ ಬರುವ ವಿದ್ಯಾರ್ಥಿಗಳಲ್ಲಿ ಒಬ್ಬಳು ಬಹುಮಾನ ಗೆದ್ದಿದ್ದಾಳೆ’ ಎಂಬುದಕ್ಕೆ ‘ಒನ್ ಆಫ್ ದ ಸ್ಟೂಡೆಂಟ್ಸ್ ಹೂ ಟ್ರಾವೆಲ್ ಫ್ರಮ್ ಮಂಡ್ಯ ಹ್ಯಾಸ್ ವನ್ ದ ಪ್ರೈಜ್’ ಎಂದಾಗಬೇಕು. ಒಂದೇ ವಾಕ್ಯದಲ್ಲಿ ಬಹುವಚನದ ‘ಟ್ರಾವೆಲ್’, ಏಕವಚನದ ‘ಹ್ಯಾಸ್’ ಎರಡೂ ಬರುತ್ತವೆ, ಏಕೆಂದರೆ ಪ್ರಯಾಣ ಹಲವರದು, ಗೆಲುವು ಒಬ್ಬಳದು. ನೀವು ಎರಡನೆಯ ಪುಟದಲ್ಲಿ ‘ಹ್ಯಾವ್’ ಎಂದು ಬರೆದಿರುವುದನ್ನು ತಿದ್ದಿಕೊಳ್ಳಿ.

ಇದರಲ್ಲಿ ಎಲ್ಲರೂ ಒಂದೇ ಮಾತಾಡುವುದಿಲ್ಲ. 1926ರ ತಮ್ಮ ಇಂಗ್ಲಿಷ್ ಬಳಕೆಯ ಕೋಶದಲ್ಲಿ ಬ್ರಿಟಿಷ್ ನಿಘಂಟುಕಾರ ಫೌಲರ್ ಬಹುವಚನವನ್ನೇ ಒತ್ತಾಯಿಸಿದರು. 1989ರ ಮೆರಿಯಂ-ವೆಬ್‌ಸ್ಟರ್ ಬಳಕೆಯ ಕೋಶವಾದರೋ ಒಳ್ಳೆಯ ಲೇಖಕರಲ್ಲಿಯೂ ಎರಡೂ ರೂಪಗಳಿವೆ ಎಂದು ಉದಾಹರಣೆಗಳೊಂದಿಗೆ ತೋರಿಸಿತು. ಬರೆಯುವವನ ಗಮನವೆಲ್ಲ ಆ ಒಬ್ಬ ವ್ಯಕ್ತಿಯ ಮೇಲಿದ್ದಾಗ ಏಕವಚನ ತಾನಾಗಿ ಬರುವುದು ಸಹಜ. ಆದರೂ ಅಚ್ಚಿಗೆ ಕಳಿಸುವ ಪ್ರತಿಯಲ್ಲಿ ಬಹುವಚನವನ್ನೇ ಇಡಿ ಎಂಬುದು ನನ್ನ ಅಭಿಪ್ರಾಯ: ಅದನ್ನು ತಪ್ಪೆನ್ನುವ ಸಂಪಾದಕರು ವಿರಳ, ಏಕವಚನಕ್ಕೆ ಕೆಂಪು ಗೆರೆ ಎಳೆಯುವವರು ಹಲವರು. ಪಾತ್ರಗಳ ಸಂಭಾಷಣೆಯಲ್ಲಿ ಮಾತ್ರ ಅವರ ಬಾಯಿಗೆ ಬಂದಂತೆ ಬಿಡಬಹುದು. ನಿಮ್ಮ ಸುಮಾ ಫೋನಿನಲ್ಲಿ ಹೇಳುವ ವಾಕ್ಯವನ್ನು ನಾನು ಹಾಗೆಯೇ ಬಿಟ್ಟಿದ್ದೇನೆ.

ಇಂತು,
ನಿಮ್ಮ ಹಿತೈಷಿ