ನಿನ್ನ ಅಪ್ಪನ ನಂಬರಿನ ವಿಷಯವಾಗಿ

ಡೊಂಬಿವಲಿ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪುಣೆಯಿಂದ ನೀನು ಬರೆದ ಕಾಗದ ತಲುಪಿತು. ಅಪ್ಪ ಹೋದ ಮೇಲೂ ಅಮ್ಮ ರಾತ್ರಿ ಹೊತ್ತು ಅವನ ನಂಬರಿಗೆ ಕರೆ ಮಾಡುತ್ತಾಳೆ, ಕಪಾಟಿನಲ್ಲಿ ಆ ಫೋನು ರಿಂಗಾಗುವುದನ್ನು ಕೇಳಿ ಮಲಗುತ್ತಾಳೆ ಎಂದು ಬರೆದಿದ್ದೀಯೆ. ‘ಒಂದು ದಿನ ಬೇರೆ ಯಾರೋ ಎತ್ತಿ ಹಲೋ ಎಂದುಬಿಟ್ಟರೆ?’ ಎಂಬ ನಿನ್ನ ಆ ಸಾಲನ್ನು ಓದಿದ ಮೇಲೆ ನನಗೆ ಕೂರಲಾಗಲಿಲ್ಲ.

ಭಯ ಸುಳ್ಳಲ್ಲ, ಮಗು. ನಿನ್ನ ದೊಡ್ಡಮ್ಮ ಹೋದಾಗ ಅವಳ ಫೋನನ್ನು ವಾರಕ್ಕೊಮ್ಮೆ ಚಾರ್ಜ್ ಮಾಡಿ ಇಡುತ್ತಿದ್ದೆ. ಫೋನು ಚಾಲೂ ಇದ್ದರೆ ನಂಬರೂ ಉಳಿಯುತ್ತದೆ ಎಂದುಕೊಂಡಿದ್ದೆ. ರೀಚಾರ್ಜ್ ಮುಗಿದದ್ದು ಗೊತ್ತಾಗಲೇ ಇಲ್ಲ. ವರ್ಷದ ಮೇಲೆ ಒಂದು ಸಂಜೆ ವಾಟ್ಸ್ಆ್ಯಪ್‌ನಲ್ಲಿ ಅವಳ ಹೆಸರಿನ ಪಕ್ಕ ಮೂರು ಗಾಲಿಯ ಸೈಕಲ್ ಮೇಲೆ ಕುಳಿತ ಯಾವುದೋ ಮಗುವಿನ ಚಿತ್ರ ಕಾಣಿಸಿತು. ಆ ಮನೆಯವರ ತಪ್ಪೇನೂ ಇಲ್ಲ. ಅಂಗಡಿಯಲ್ಲಿ ಕೊಟ್ಟ ನಂಬರನ್ನು ಕೊಂಡಿದ್ದರು. ತಪ್ಪು ನನ್ನದು.

ಆಮೇಲೆ ತಿಳಿದುಕೊಂಡದ್ದು ಇಷ್ಟು. ಪ್ರೀಪೇಯ್ಡ್ ನಂಬರು 90 ದಿನ ಬಳಕೆಯಾಗದೆ, ಖಾತೆಯಲ್ಲಿ 20 ರೂಪಾಯಿಗಿಂತ ಕಡಿಮೆ ಇದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ ಇನ್ನೂ 90 ದಿನ ಬೇರೆಯವರಿಗೆ ಕೊಡುವುದಿಲ್ಲ, ಅನಂತರ ಕೊಡಬಹುದು. ಆದ್ದರಿಂದ ಇವತ್ತೇ ರೀಚಾರ್ಜ್ ಮಾಡಿಸು, ಆ ಫೋನಿನಿಂದ ಅಮ್ಮನಿಗೆ ಒಂದು ಕರೆಯನ್ನೂ ಮಾಡು. ಅರ್ಜಿ ಆಮೇಲೆ.

ಅರ್ಜಿಯನ್ನು ಕಂಪನಿಯ ಸ್ವಂತ ಮಳಿಗೆಯಲ್ಲಿ ಕೊಡು. ಬೀದಿಯ ರೀಚಾರ್ಜ್ ಅಂಗಡಿಯವನಿಂದ ಈ ಕೆಲಸ ಆಗದು. ಅಲ್ಲಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಬೇಕಾಗುತ್ತದೆ. ಒಕ್ಕಣೆ ಮಾತ್ರ ಹೀಗಿರಲಿ:

‘ಮಾನ್ಯರೇ, ವಿಷಯ: ದಿವಂಗತ ತಂದೆಯವರ ಮೊಬೈಲ್ ಸಂಖ್ಯೆಯನ್ನು ನನ್ನ ಹೆಸರಿಗೆ ವರ್ಗಾಯಿಸುವ ಬಗ್ಗೆ. ಮೇಲ್ಕಂಡ ಸಂಖ್ಯೆಯ ಚಂದಾದಾರರಾದ ನನ್ನ ತಂದೆಯವರು ಇಂಥ ದಿನಾಂಕದಂದು ನಿಧನರಾದರು. ನಾನು ಅವರ ಮಗ ಹಾಗೂ ವಾರಸುದಾರರಲ್ಲಿ ಒಬ್ಬ. ಈ ಸಂಖ್ಯೆಯನ್ನು ನನ್ನ ಹೆಸರಿಗೆ ಮಾಡಲು ನನ್ನ ತಾಯಿ ಮತ್ತು ಅಕ್ಕನ ಆಕ್ಷೇಪಣೆ ಇಲ್ಲ. ಅವರ ಸಹಿ ಇರುವ ಪತ್ರವನ್ನು ಲಗತ್ತಿಸಿದ್ದೇನೆ. ಮರಣ ಪ್ರಮಾಣಪತ್ರದ ಪ್ರತಿ, ತಂದೆಯೊಂದಿಗಿನ ಸಂಬಂಧದ ದಾಖಲೆ, ನನ್ನ ಗುರುತಿನ ಮತ್ತು ವಿಳಾಸದ ದಾಖಲೆಗಳು ಜೊತೆಗಿವೆ. ವರ್ಗಾವಣೆ ಆಗುವವರೆಗೆ ಸಂಖ್ಯೆಯನ್ನು ಸ್ಥಗಿತಗೊಳಿಸಬಾರದೆಂದೂ ಈ ಅರ್ಜಿಗೆ ಸ್ವೀಕೃತಿ ನೀಡಬೇಕೆಂದೂ ಕೋರುತ್ತೇನೆ.’

ಸ್ವೀಕೃತಿಯನ್ನು ಬಿಡಬೇಡ. ಗೋವಾದಲ್ಲಿರುವ ಅಕ್ಕನ ಸಹಿಯನ್ನು ಮೊದಲೇ ತರಿಸಿಕೋ.

ನನ್ನನ್ನು ಕಾಡುವುದು ಹೆಸರಿನ ಪ್ರಶ್ನೆ. ನಾನೂ ನಿನ್ನ ಅಪ್ಪನೂ ಊರಿನಿಂದ ಬಂದಾಗ ನಮ್ಮ ಹೆಸರಿನ ಹಿಂದೆ ಎರಡು ಅಕ್ಷರಗಳಿದ್ದವು, ಒಂದು ಊರಿನದು, ಒಂದು ಅಪ್ಪನದು. ಇಲ್ಲಿನ ಕಚೇರಿಗಳಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಮನೆ. ಅಡ್ಡಹೆಸರಿಲ್ಲದ ನಾವು ಒಂದೊಂದು ಕಡೆ ಒಂದೊಂದು ಬರೆದೆವು. ಸಿಮ್ ಕೊಂಡಾಗ ಅವನು ಅಕ್ಷರಗಳನ್ನೇ ಬರೆದಿದ್ದರೆ, ಮರಣ ಪ್ರಮಾಣಪತ್ರದಲ್ಲಿ ಪೂರ್ತಿ ಹೆಸರು ಇದ್ದರೆ, ಮಳಿಗೆಯವರ ಲೆಕ್ಕದಲ್ಲಿ ಅವರು ಇಬ್ಬರು. ಕಂಪನಿಯ ದಾಖಲೆಯಲ್ಲಿ ಹೆಸರು ಹೇಗಿದೆ ಎಂದು ಮೊದಲು ವಿಚಾರಿಸು. ಬೇರೆ ಇದ್ದರೆ, ಎರಡೂ ಹೆಸರು ಒಬ್ಬನದೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ ಲಗತ್ತಿಸು. ದೊಡ್ಡಮ್ಮನ ವಿಷಯದಲ್ಲಿ ಇದಕ್ಕೇ ಹೆದರಿ ನಾನು ನಾಳೆ, ನಾಡಿದ್ದು ಎಂದು ತಳ್ಳಿದೆ.

ಸಿಮ್ ಕಳೆದಿದೆ ಎಂದು ಹೇಳಿ ಅಪ್ಪನ ಹೆಸರಿನಲ್ಲೇ ಹೊಸದನ್ನು ತೆಗೆದುಕೊಂಡರೆ ಸುಲಭ ಎಂದು ಯಾರಾದರೂ ಹೇಳಿಯಾರು. ಬೇಡ. ಬ್ಯಾಂಕಿಗೆ ಸಾವಿನ ವಿಷಯ ತಿಳಿಸದೆ ಆ ಫೋನಿಗೆ ಬರುವ ಓಟಿಪಿಯಿಂದ ಹಣ ತೆಗೆಯುವುದೂ ಬೇಡ. ಖಾತೆಗೆ ಅಮ್ಮ ನಾಮಿನಿ ಆಗಿದ್ದರೆ ಅವಳ ಹೆಸರಿನಲ್ಲಿ ಬ್ಯಾಂಕಿಗೆ ಅರ್ಜಿ ಕೊಟ್ಟರೆ ಸಾಕು. ನೀನು ಅಂಥವನಲ್ಲ, ಗೊತ್ತಿದೆ. ಆದರೂ ಬರೆದೆ, ಬೇಸರಪಡಬೇಡ. ಹೆಸರು ಬದಲಾಯಿಸುವಾಗ ಕಂಪನಿಯವರು ಹೊಸ ಸಿಮ್ ಕೊಟ್ಟರೆ ಮೊದಲ 24 ಗಂಟೆ ಎಸ್ಎಂಎಸ್ ಬರುವುದಿಲ್ಲ, ಅದಕ್ಕೆ ಗಾಬರಿಯಾಗಬೇಡಿ.

ಅಮ್ಮನಿಗೆ ಈ ಕಾಗದವನ್ನು ತೋರಿಸುವುದು ಬಿಡುವುದು ನಿನಗೆ ಬಿಟ್ಟದ್ದು. ರಾತ್ರಿ ಅವಳು ಕರೆ ಮಾಡುವುದನ್ನು ಮಾತ್ರ ತಡೆಯಬೇಡ. ಆ ಮಗುವಿನ ಚಿತ್ರ ಕಂಡ ಮೇಲೆ ನಾನು ದೊಡ್ಡಮ್ಮನ ನಂಬರಿಗೆ ಮತ್ತೆ ಕರೆ ಮಾಡಲಿಲ್ಲ. ಬಾಯಿಪಾಠ ಮಾತ್ರ ಇನ್ನೂ ಇದೆ.

ಹೆಸರು ಬದಲಾದ ದಿನ ಆ ನಂಬರಿನಿಂದಲೇ ನನಗೆ ಕರೆ ಮಾಡು. ನನ್ನ ಫೋನಿನಲ್ಲಿ ಅದು ‘ತಮ್ಮ’ ಎಂದೇ ಇದೆ. ಎತ್ತುವುದು ಸ್ವಲ್ಪ ತಡವಾದರೆ ಇಟ್ಟುಬಿಡಬೇಡ.

ನಿನ್ನ
ದೊಡ್ಡಪ್ಪ