ಮಗಳಿಗೊಂದು ಪತ್ರ: ಕ್ಯಾಂಪಸ್‌ಗೆ ಒಳ್ಳೆ ಕಂಪನಿ ಬರದೇ ಇದ್ರೆ

ಪುಟ್ಟಿ,

ಫೋನಲ್ಲಿ ಹೇಳೋಕೆ ಹೋದ್ರೆ "ಗೊತ್ತು ಬಿಡಮ್ಮ" ಅಂತ ಕಟ್ ಮಾಡ್ತೀಯ, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ, ಉದ್ದ ಆಗುತ್ತೆ, ಪೂರ್ತಿ ಓದು. ನಿಮ್ಮ ಕಾಲೇಜ್ ಪ್ಲೇಸ್‌ಮೆಂಟ್ ಸೆಲ್‌ನೋರು ಈ ವರ್ಷ ಕರ್ಸಿದ ಕಂಪನಿಗಳ ಲಿಸ್ಟ್ ನೋಡ್ದೆ, ಎಲ್ಲಾ ಸೇಲ್ಸ್ ಕೆಲ್ಸ, ಟಾರ್ಗೆಟ್ ಕೆಲ್ಸ. ಅವ್ರನ್ನ ಕಾಯ್ತಾ ಕೂರೋದ್ರಲ್ಲಿ ಅರ್ಥ ಇಲ್ಲ. ನಾನು ದಿನಾ ಮಾಡೋದೇ ಈ ರಿಕ್ರೂಟ್‌ಮೆಂಟ್ ಕೆಲ್ಸ, ಫ್ರೆಶರ್ ಅಪ್ಲಿಕೇಶನ್‌ಗಳು ಒಳಗಡೆ ಹೇಗೆ ಜಾರ್ತಾವೆ, ಎಲ್ಲಿ ಸಿಕ್ಕಾಕೊಳ್ತಾವೆ ಅಂತ ಚೆನ್ನಾಗಿ ನೋಡಿದೀನಿ.

ಕಾಲೇಜ್ ಲಿಸ್ಟ್ ಇಟ್ಕೊಂಡು ಅದರ ಹೊರಗಿನೋರನ್ನ ನೋಡ್ದೇ ಇರೋ ಕಂಪನಿಗಳು ಇದಾವೆ, ಇಲ್ಲ ಅನ್ನಲ್ಲ. ಅವುಗಳ ಹಿಂದೆ ಬಿದ್ದು ಟೈಮ್ ಕಳೀಬೇಡ. ಎಲ್ರಿಗೂ ಒಂದೇ ಟೆಸ್ಟ್ ಇಟ್ಟು, ಸ್ಕೋರ್ ನೋಡಿ ಕರೆಯೋ ಕಡೆ ಹೋಗು. ಉದಾಹರಣೆಗೆ ಟಿಸಿಎಸ್‌ನೋರ ಎನ್‌ಕ್ಯೂಟಿ. ಇದಕ್ಕೆ ಪ್ಲೇಸ್‌ಮೆಂಟ್ ಆಫೀಸರ್ ಸಹಿಯೂ ಬೇಡ, ಕಾಲೇಜಿಂದ ಲಿಸ್ಟೂ ಹೋಗ್ಬೇಕಿಲ್ಲ, ನೀನೇ ನೆಕ್ಸ್ಟ್‌ಸ್ಟೆಪ್ ಅನ್ನೋ ಅವರ ಪೋರ್ಟಲ್‌ನಲ್ಲಿ ರಿಜಿಸ್ಟರ್ ಆಗ್ಬೋದು.

ಆದ್ರೆ ಅಲ್ಲೇ ಎಷ್ಟೋ ಮಕ್ಕಳು ಎಡವ್ತಾರೆ. ರಿಜಿಸ್ಟರ್ ಮಾಡುವಾಗ ಕೆಟಗರಿ ಕೇಳುತ್ತೆ, ಇಂಜಿನಿಯರಿಂಗ್‌ನೋರು `IT` ಆರಿಸ್ಬೇಕು, ಅವಸರದಲ್ಲಿ ಬಿಪಿಓ ತರದ ಕೆಲ್ಸದ `BPS` ಒತ್ತಿದ್ರೆ ನೀನು ಬೇರೆ ಸಾಲಲ್ಲೇ ನಿಂತಿರ್ತೀಯ. ಆಮೇಲೆ CT ಅಥ್ವಾ DT ಅಂತ ಶುರುವಾಗೋ ರೆಫರೆನ್ಸ್ ನಂಬರ್ ಬರುತ್ತೆ, ಅದನ್ನ ಬರ್ಕೊ, ಮುಂದೆ ಎಲ್ಲದಕ್ಕೂ ಅದೇ ಬೇಕು. ಫಾರ್ಮ್ ತುಂಬಿ ಸಬ್‌ಮಿಟ್ ಕೊಟ್ರೆ `Application Received` ಅಂತ ಬರುತ್ತೆ ನೋಡು, ಅಲ್ಲಿಗೆ ಮುಗೀತು ಅಂದ್ಕೊಂಡು ಲ್ಯಾಪ್‌ಟಾಪ್ ಮುಚ್ಚೋರೇ ಜಾಸ್ತಿ. ಮುಗ್ದಿರಲ್ಲ. ರಿಕ್ರೂಟ್‌ಮೆಂಟ್ ಡ್ರೈವ್ ಓಪನ್ ಇದ್ದಾಗ `Apply For Drive` ಅನ್ನೋದನ್ನ ಬೇರೆಯಾಗಿ ಒತ್ಬೇಕು, ಟೆಸ್ಟ್ ಎಲ್ಲಿ ಬರೀತೀನಿ ಅಂತ ಆರಿಸ್ಬೇಕು, ಆಮೇಲೆ ಸ್ಟೇಟಸ್ `Applied For Drive` ಅಂತ ಬದಲಾಗ್ಬೇಕು. ಅದು ಬದಲಾಗಿದ್ಯಾ ಅಂತ `Track Your Application`ನಲ್ಲಿ ಕಣ್ಣಾರೆ ನೋಡಿ, ಸ್ಕ್ರೀನ್‌ಶಾಟ್ ತೆಗ್ದಿಟ್ಕೊ. ನನಗೆ ಹಾಲ್ ಟಿಕೆಟ್ಟೇ ಬರ್ಲಿಲ್ಲ ಅಂತ ಗೋಳಾಡೋರಲ್ಲಿ ಅರ್ಧ ಜನ ಈ ಒಂದು ಬಟನ್ ಒತ್ತಿರಲ್ಲ.

ಇನ್ನು ಎಲಿಜಿಬಿಲಿಟಿ. 60 ಪರ್ಸೆಂಟ್ ಅಥ್ವಾ 6 ಸಿಜಿಪಿಎ, ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಮೂರರಲ್ಲೂ ಬೇಕು ಅಂತ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಕೇಳ್ತಾವೆ. ಎಸ್ಸೆಸ್ಸೆಲ್ಸಿ ಅಂದ್ರೆ 625ಕ್ಕೆ 375, ಪಿಯುಸಿ ಅಂದ್ರೆ 600ಕ್ಕೆ 360. ಇಲ್ಲಿ ನಮ್ಮ ಕಡೆ ಮಕ್ಕಳಿಗೆ ಒಂದು ಅಭ್ಯಾಸ ಇದೆ, ಸಿಇಟಿ ಟೈಮಲ್ಲಿ ಪಿಸಿಎಂ ಪರ್ಸೆಂಟೇಜ್ ಹೇಳಿ ಹೇಳಿ ಅದೇ ಬಾಯಿಗೆ ಬರುತ್ತೆ. ಒಂದು ಹುಡುಗಿ ಕೇಸ್ ನಮ್ಮ ಟೀಮ್‌ಗೇ ಬಂದಿತ್ತು, ಪಿಯುಸಿಲಿ ಪಿಸಿಎಂ 300ಕ್ಕೆ 186, ಅಂದ್ರೆ 62 ಪರ್ಸೆಂಟ್, ಫಾರ್ಮಲ್ಲಿ ಅದನ್ನೇ ಹಾಕಿದ್ಲು. ಆದ್ರೆ ಆರೂ ಸಬ್ಜೆಕ್ಟ್ ಸೇರಿದ್ರೆ 600ಕ್ಕೆ 352, ಅಂದ್ರೆ 58.67. ಟೆಸ್ಟ್ ಪಾಸು, ಇಂಟರ್ವ್ಯೂ ಪಾಸು, ಆಫರ್ ಲೆಟರ್ ಕೂಡ ಹೋಯ್ತು, ಡಾಕ್ಯುಮೆಂಟ್ ವೆರಿಫಿಕೇಶನ್‌ನಲ್ಲಿ ಮಾರ್ಕ್ಸ್ ಕಾರ್ಡ್ ಬಂದಾಗ ಸಿಕ್ಕಾಕೊಂಡ್ತು, ಆಫರ್ ಕ್ಯಾನ್ಸಲ್. ಪಾಪ, ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ, ಆದ್ರೆ ಆ ಹಂತದಲ್ಲಿ ಅದನ್ನ ಯಾರೂ ಕೇಳಲ್ಲ. ಅದಕ್ಕೇ ನಿನ್ನ ಮೂರೂ ಪರ್ಸೆಂಟೇಜನ್ನ ಮಾರ್ಕ್ಸ್ ಕಾರ್ಡ್ ಮುಂದಿಟ್ಕೊಂಡು ಎರಡು ದಶಮಾಂಶದವರೆಗೆ ಲೆಕ್ಕ ಹಾಕಿ ಒಂದು ಕಡೆ ಬರ್ದಿಡು, 59.8 ಅನ್ನ 60 ಮಾಡ್ಬೇಡ. ಡಿಗ್ರಿ ಸಿಜಿಪಿಎನ ಪರ್ಸೆಂಟ್ ಮಾಡೋಕೆ ಯೂನಿವರ್ಸಿಟಿ ಕೊಟ್ಟಿರೋ ಸೂತ್ರವನ್ನೇ ಹಾಕು, ಫ್ರೆಂಡ್ ಹೇಳಿದ್ದನ್ನಲ್ಲ.

ಬ್ಯಾಕ್‌ಲಾಗ್ ವಿಷ್ಯಾನೂ ಹಾಗೇ. ಅಪ್ಲೈ ಮಾಡೋ ಹೊತ್ತಿಗೆ ಒಂದು ಬಾಕಿ ಇದ್ರೆ ಪರ್ವಾಗಿಲ್ಲ ಅನ್ನೋ ಕಂಪನಿ ಇದಾವೆ, ಆದ್ರೆ ಜಾಯಿನ್ ಆಗೋಷ್ಟರಲ್ಲಿ ಕ್ಲಿಯರ್ ಆಗಿರ್ಲೇಬೇಕು. ನಿನ್ನ ಆ ಗಣಿತದ ಪೇಪರ್ ಇದೇ ಸೆಮ್‌ನಲ್ಲಿ ಎತ್ತಿಬಿಡು.

ಟೆಸ್ಟ್‌ಗಳ ಸ್ವಭಾವ ಒಂದೇ ತರ ಇರಲ್ಲ ಅನ್ನೋದು ಇನ್ನೊಂದು ವಿಷ್ಯ, ಇದನ್ನ ಕೋಚಿಂಗ್‌ನೋರು ಸರಿಯಾಗಿ ಹೇಳಲ್ಲ. ಎನ್‌ಕ್ಯೂಟಿಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ, ಅಂದ್ರೆ ಸೆಕ್ಷನ್ ಟೈಮ್ ಮುಗಿಯೋಕೆ ಮುಂಚೆ ಉಳಿದಿದ್ದಕ್ಕೆಲ್ಲ ಏನಾದ್ರೂ ಒಂದು ಟಿಕ್ ಹಾಕ್ದೇ ಬಂದ್ರೆ ನಿಂದೇ ನಷ್ಟ. ಅದರಲ್ಲಿ ಮೊದಲ ಭಾಗ ಲೆಕ್ಕ, ಇಂಗ್ಲಿಷ್, ರೀಸನಿಂಗ್, ಅಷ್ಟು ದಾಟಿದ್ರೆ ನಿಂಜಾ ಅನ್ನೋ ರೋಲ್, ಈಚಿನ ವರ್ಷಗಳಲ್ಲಿ ಅದಕ್ಕೆ ವರ್ಷಕ್ಕೆ 3.36 ಲಕ್ಷ. ಎರಡನೇ ಭಾಗ ಸ್ವಲ್ಪ ಕಷ್ಟದ ಲೆಕ್ಕ ಮತ್ತೆ ಕೋಡಿಂಗ್, ಅದರಲ್ಲಿ ಚೆನ್ನಾಗಿ ಮಾಡಿದೋರನ್ನೇ ಡಿಜಿಟಲ್, ಪ್ರೈಮ್ ಅನ್ನೋ ರೋಲ್‌ಗಳಿಗೆ ನೋಡೋದು, ಡಿಜಿಟಲ್‌ಗೆ 7 ಲಕ್ಷದ ಆಸುಪಾಸು. ಒಂದೇ ದಿನ ಒಂದೇ ಟೆಸ್ಟು, ಸಂಬಳ ಹತ್ತತ್ರ ಡಬಲ್. ಆಪ್ಟಿಟ್ಯೂಡ್ ಪುಸ್ತಕ ಇಟ್ಕೊಂಡು ಆರು ತಿಂಗಳು ಉರು ಹೊಡೀತಾರಲ್ಲ ನಿನ್ನ ರೂಮ್‌ಮೇಟ್ಸು, ನಾನಾಗಿದ್ರೆ ಆ ಟೈಮಲ್ಲಿ ಅರ್ಧ ಕೋಡಿಂಗ್‌ಗೆ ಹಾಕ್ತಿದ್ದೆ.

ಇದಕ್ಕೆ ತದ್ವಿರುದ್ಧ ನಮ್ಮ ಬೆಂಗಳೂರಿನ ಇಲಿಟ್ಮಸ್ ಅನ್ನೋ ಕಂಪನಿಯೋರ ಪಿಎಚ್ ಟೆಸ್ಟು. ಮೂರು ಸೆಕ್ಷನ್, ಒಂದೊಂದ್ರಲ್ಲಿ 20 ಪ್ರಶ್ನೆ, ಒಟ್ಟು ಎರಡು ಗಂಟೆ. ಇಲ್ಲಿ ತಪ್ಪು ಒಂದು ಮಿತಿ ದಾಟಿದ್ರೆ ಮಾರ್ಕ್ಸ್ ಕಟ್ ಆಗುತ್ತೆ, ಪ್ರಶ್ನೆಗಳೂ ಉದ್ದುದ್ದ. 20ರಲ್ಲಿ 8 ಮಾತ್ರ ಮುಟ್ಟಿ, ಎಂಟೂ ಸರಿ ಮಾಡಿದೋರು, 16 ಮುಟ್ಟಿ ಅರ್ಧ ತಪ್ಪು ಮಾಡಿದೋರಿಗಿಂತ ಎಷ್ಟೋ ಮೇಲಿರ್ತಾರೆ. ಮಾರ್ಕ್ಸಿಗಿಂತ ಪರ್ಸೆಂಟೈಲ್ ಮುಖ್ಯ, ಸ್ಕೋರ್ ಎರಡು ವರ್ಷ ಚಾಲ್ತಿಲಿರುತ್ತೆ, ಅದನ್ನ ಇಟ್ಕೊಂಡು ಅವರ ಸೈಟ್‌ನಲ್ಲಿ ಬರೋ ಕೆಲಸಗಳಿಗೆ ಅಪ್ಲೈ ಮಾಡ್ಬೋದು, ಪ್ರತಿ ಕಂಪನಿ ತನ್ನ ಕಟ್‌ಆಫ್ ತಾನೇ ಇಡುತ್ತೆ. ಆ ಪಿಯುಸಿ 58.67 ಹುಡುಗಿ ಅಂತೋರಿಗೆ ನಾನು ಮೊದ್ಲು ಹೇಳೋದು ಇದನ್ನೇ, ಯಾಕಂದ್ರೆ ಇಲ್ಲಿ ಬರೋ ಚಿಕ್ಕ ಕಂಪನಿಗಳಲ್ಲಿ ಹಳೇ ಮಾರ್ಕ್ಸ್ ಬಗ್ಗೆ ಅಷ್ಟು ಬಿಗಿ ಇರಲ್ಲ. ಜೋಹೋದೋರೂ ಕಾಲೇಜು, ಪರ್ಸೆಂಟೇಜು ನೋಡದೆ, ಸಿಸ್ಟಮ್ ಮುಂದೆ ಕೂರ್ಸಿ ಪ್ರೋಗ್ರಾಮ್ ಬರ್ಸಿ ತಗೊಳ್ಳೋರು, ಅವರ ಕರಿಯರ್ಸ್ ಪೇಜ್ ಮೇಲೂ ಒಂದು ಕಣ್ಣಿಡು.

ಈಗ ರೆಫರಲ್ ವಿಷ್ಯಕ್ಕೆ ಬರ್ತೀನಿ. ನಿಮ್ಮ ಸೀನಿಯರ್ ಅಕ್ಕ ಒಬ್ಬಳು ಒಳ್ಳೆ ಕಂಪನಿಲಿ ಇದಾಳೆ, ಕೇಳೋಕೆ ನಾಚಿಕೆ ಅಂದ್ಯಲ್ಲ, ನಾಚಿಕೆ ಯಾಕೆ, ರೆಫರ್ ಮಾಡಿ ಸೆಲೆಕ್ಟ್ ಆದ್ರೆ ಅವಳಿಗೂ ಸಾಮಾನ್ಯವಾಗಿ ಬೋನಸ್ ಇರುತ್ತೆ ಕಣೆ. ಆದ್ರೆ ಆರ್ಡರ್ ತಪ್ಪಬಾರ್ದು. ಬಹಳ ಕಂಪನಿಗಳ ಸಿಸ್ಟಮ್‌ನಲ್ಲಿ, ನೀನು ಮೊದ್ಲೇ ಅದೇ ಈಮೇಲ್‌ನಿಂದ ಕರಿಯರ್ಸ್ ಪೇಜಲ್ಲಿ ಅಪ್ಲೈ ಮಾಡಿಬಿಟ್ಟಿದ್ರೆ, ಆಮೇಲೆ ಅವಳು ನಿನ್ನ ಹೆಸ್ರು ಹಾಕಿದ್ರೆ "ಈ ಕ್ಯಾಂಡಿಡೇಟ್ ಆಗ್ಲೇ ಇದಾರೆ" ಅಂತ ಹೇಳುತ್ತೆ, ರೆಫರಲ್ ಅಂಟ್ಕೊಳ್ಳಲ್ಲ, ಕೆಲವು ತಿಂಗಳು ಹಾಗೇ ಲಾಕ್. ಅದಕ್ಕೇ ಮೊದ್ಲು ರೆಫರಲ್, ಆಮೇಲೆ ಅವರ ಸಿಸ್ಟಮ್‌ನಿಂದ ನಿನಗೆ ಬರೋ ಲಿಂಕಲ್ಲೇ ಅಪ್ಲಿಕೇಶನ್. ಮೆಸೇಜ್ ಹಾಕುವಾಗ "ಅಕ್ಕಾ ಯಾವ್ದಾದ್ರೂ ಕೆಲ್ಸ ಇದ್ರೆ ಹೇಳಿ" ಅಂತ ಕಳಿಸ್ಬೇಡ, ಅದಕ್ಕೆ ಯಾರೂ ರಿಪ್ಲೈ ಮಾಡಲ್ಲ. ಆ ಕೆಲಸದ ಜಾಬ್ ಐಡಿ, ನಿನ್ನ ಪಾಸಿಂಗ್ ವರ್ಷ, ಮೂರು ಪರ್ಸೆಂಟೇಜು, ಒಂದು ಪುಟದ ರೆಸ್ಯೂಮೆ ಪಿಡಿಎಫ್, ಇಷ್ಟನ್ನ ಒಂದೇ ಮೆಸೇಜಲ್ಲಿ ಕೊಟ್ರೆ ಅವಳು ಬಸ್ಸಲ್ಲಿ ಕೂತೇ ಎರಡು ನಿಮಿಷದಲ್ಲಿ ಹಾಕಿಬಿಡ್ತಾಳೆ.

ಮತ್ತೆ ಟೈಮು. ಫ್ರೆಶರ್ ಪೋಸ್ಟ್ ಒಂದು ಓಪನ್ ಆದ್ರೆ ಸಂಜೆಯೊಳಗೆ ನೂರಾರು ಅಪ್ಲಿಕೇಶನ್ ಬಂದು ಬೀಳ್ತಾವೆ. ನಾವು ಎಲ್ಲಾ ಕೂತು ಓದ್ತೀವಿ ಅಂದ್ಕೊಂಡಿದೀಯಾ? ಪಾಸಿಂಗ್ ವರ್ಷ, ಪರ್ಸೆಂಟ್, ಸ್ಕಿಲ್ ಹಾಕಿ ಫಿಲ್ಟರ್ ಮಾಡ್ತೀವಿ, ಬೇಕಾದಷ್ಟು ಜನ ಸಿಕ್ಕಿದ ತಕ್ಷಣ ಟೆಸ್ಟ್ ಲಿಂಕ್ ಕಳಿಸಿ ಮುಂದಕ್ಕೆ ಹೋಗ್ತೀವಿ, ನಾಲ್ಕನೇ ದಿನ ಬಂದೋರ ರೆಸ್ಯೂಮೆ ಎಷ್ಟೇ ಚೆನ್ನಾಗಿದ್ರೂ ತೆಗೆಯೋದೇ ಇಲ್ಲ. ವಾಟ್ಸಾಪ್ ಗ್ರೂಪಲ್ಲಿ ಫಾರ್ವರ್ಡ್ ಆಗಿ ನಿನ್ನ ಹತ್ರ ಬರೋಷ್ಟರಲ್ಲಿ ಅದು ಹಳಸಿರುತ್ತೆ. ಲಿಂಕ್ಡ್‌ಇನ್‌ನಲ್ಲಿ ಕಳೆದ 24 ಗಂಟೆ ಅನ್ನೋ ಫಿಲ್ಟರ್ ಹಾಕಿ ಬೆಳಿಗ್ಗೆ ತಿಂಡಿಗೆ ಮುಂಚೆ ಒಂದ್ಸಲ ನೋಡು, ಕಂಪನಿಗಳ ಸೈಟ್‌ನಲ್ಲೇ ಜಾಬ್ ಅಲರ್ಟ್ ಹಾಕಿಡು. ರೆಸ್ಯೂಮೆಯಲ್ಲಿ ಎರಡು ಕಾಲಮ್, ಬಣ್ಣದ ಪಟ್ಟಿ, ಸ್ಟಾರ್ ಏನೂ ಬೇಡ, ಸಿಸ್ಟಮ್ ಓದುವಾಗ ಎಡದ ಸಾಲಿಗೆ ಬಲದ ಸಾಲು ಸೇರಿ ನಿನ್ನ ಪಾಸಿಂಗ್ ವರ್ಷಾನೇ ಎಲ್ಲೋ ಕಳ್ದುಹೋಗುತ್ತೆ.

ದುಡ್ಡಿನ ವಿಷ್ಯ ಒಂದು ಹೇಳಿಬಿಡ್ತೀನಿ, ನಿಮ್ಮಪ್ಪನಿಗೆ ಇದರದ್ದೇ ಚಿಂತೆ. ಪರೀಕ್ಷೆಗೆ ಫೀಸ್ ಇರ್ಬೋದು, ಇಲಿಟ್ಮಸ್ ಟೆಸ್ಟ್‌ಗೆ ಕಟ್ಟೋದು ಪರೀಕ್ಷೆ ಫೀಸು, ಸ್ಕೋರ್ ಬರುತ್ತೆ ಅಷ್ಟೇ, ಕೆಲಸದ ಭರವಸೆ ಇಲ್ಲ. ಆದ್ರೆ ಆಫರ್ ಲೆಟರ್ ಕೊಟ್ಟು ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೈನಿಂಗ್ ಚಾರ್ಜ್, "ಬ್ಯಾಕ್‌ಡೋರ್‌ನಲ್ಲಿ ಸೀಟ್ ಇದೆ" ಅಂತ ದುಡ್ಡು ಕೇಳಿದ್ರೆ ಅದು ಮೋಸ, ದೊಡ್ಡ ಕಂಪನಿಗಳೇ ತಮ್ಮ ಸೈಟ್‌ನಲ್ಲಿ ನಾವು ಯಾವ ಹಂತದಲ್ಲೂ ದುಡ್ಡು ಕೇಳಲ್ಲ ಅಂತ ಹಾಕಿರ್ತಾರೆ. ಮೇಲ್ ಬಂದ್ರೆ ಕಳಿಸಿದೋರ ಹೆಸ್ರು ನೋಡ್ಬೇಡ, `@` ಆದ್ಮೇಲೆ ಇರೋದನ್ನ ಅಕ್ಷರ ಅಕ್ಷರ ಓದು, ಕಂಪನಿ ಹೆಸರಿನ ಜೊತೆ ಇನ್ನೇನೋ ಬಾಲ ಅಂಟಿಸಿದ್ರೆ ಅನುಮಾನ ಪಡು. ಟೆಸ್ಟೂ ಇಲ್ದೆ, ಇಂಟರ್ವ್ಯೂನೂ ಇಲ್ದೆ ಆಫರ್ ಬಂದ್ರಂತೂ ನನಗೆ ಕಳ್ಸು, ನಾನು ನೋಡ್ತೀನಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳ್ತೀವಿ ಅನ್ನೋ ಕಡೆ ಕಾಲಿಡ್ಬೇಡ, ಸಂಬಳ ಎಷ್ಟೇ ಹೇಳ್ಲಿ.

ಮುಂದಿನ ವಾರ ಊರಿಗೆ ಬರ್ತೀಯಲ್ಲ, ಎಸ್ಸೆಸ್ಸೆಲ್ಸಿ, ಪಿಯುಸಿ, ಎಲ್ಲಾ ಸೆಮ್‌ನ ಒರಿಜಿನಲ್ ತಗೊಂಡು ಬಾ. ನಿನ್ನ ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಹೆಸರಿನ ಹಿಂದೆ ಬರೀ ಇನಿಶಿಯಲ್ಸ್ ಇದೆ, ಆಧಾರ್‌ನಲ್ಲಿ ಅಪ್ಪನ ಹೆಸ್ರು ಪೂರ್ತಿ ಇದೆ, ಪಾನ್ ಕಾರ್ಡ್ ಇನ್ನೂ ಮಾಡ್ಸಿಲ್ಲ. ವೆರಿಫಿಕೇಶನ್‌ನಲ್ಲಿ ಇಂಥದ್ದಕ್ಕೇ ವಾರಗಟ್ಲೆ ಎಳೀತಾರೆ, ಯಾವ ಹೆಸ್ರಲ್ಲಿ ಪಾನ್ ಮಾಡ್ಸೋದು ಅಂತ ಕಾರ್ಡ್‌ಗಳನ್ನ ಮುಂದಿಟ್ಕೊಂಡೇ ತೀರ್ಮಾನ ಮಾಡೋಣ. ಎರಡು ಪಾಸ್‌ಪೋರ್ಟ್ ಸೈಜ್ ಫೋಟೋನೂ ಇರ್ಲಿ, ಹಳೇದಲ್ಲ, ಈಗಿಂದು.

ಅಮ್ಮ