ಛತ್ರದ ರಸೀದಿ ಬಂದ ಮೇಲೆ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಮುಹೂರ್ತ ನವೆಂಬರ್ 26, ಗುರುವಾರ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಇನ್ನೂ ಒಂಬತ್ತು ತಿಂಗಳಿದೆ, ಈಗಲೇ ಯಾಕೆ ಎಲ್ಲರಿಗೂ ಹೇಳಬೇಕು ಅಂತ ನೀನು ಕೇಳಿದೆಯಂತೆ. ಹೊರದೇಶದವರಿಗೆ ಈಗಲೇ ಹೇಳಬೇಕು. ಅವರಿಗೆ ಟಿಕೆಟ್‌ಗಿಂತ ರಜಾ ದೊಡ್ಡ ತೊಡಕು. ಅಲ್ಲಿ ಡಿಸೆಂಬರ್ ಕೊನೆಗೆ ರಜಾ ಬಂದರೆ ಇಲ್ಲಿ ಧನುರ್ಮಾಸ, ಬೇಸಿಗೆ ರಜಾ ಬಂದರೆ ಇಲ್ಲಿ ಆಷಾಢ. ಹಾಗಾಗಿ ನಮ್ಮ ಮದುವೆಗಳಿಗೆ ಬರುವವರು ಹೆಚ್ಚಾಗಿ ಕೆಲಸದ ದಿನಗಳಲ್ಲೇ ರಜಾ ಹಾಕಿ ಬರಬೇಕಾಗುತ್ತೆ.

ಆದರೆ ಛತ್ರಕ್ಕೆ ಮುಂಗಡ ಕೊಟ್ಟು ರಸೀದಿ ಕೈಗೆ ಬರುವವರೆಗೆ ಯಾರಿಗೂ ಒಂದಕ್ಷರ ಕಳಿಸಬೇಡ. ಮುಹೂರ್ತ ಸಿಕ್ಕಿ ಛತ್ರ ಸಿಗದೆ ದಿನ ಬದಲಾಗೋದು ಸಾಮಾನ್ಯ. ಊರಿನವರಾದರೆ ಅದನ್ನು ಮರೆತುಬಿಡುತ್ತಾರೆ, ಅಮೆರಿಕದವರು ಅಷ್ಟರಲ್ಲಿ ಟಿಕೆಟ್ ತೆಗೆದಿರುತ್ತಾರೆ. ತೀರಾ ಮುಂಚೆ ಹೇಳಿಯೂ ಉಪಯೋಗವಿಲ್ಲ. ವಿಮಾನದ ಟಿಕೆಟ್ ಮಾರಾಟಕ್ಕೆ ಬರೋದೇ ಸುಮಾರು ಹನ್ನೊಂದು ತಿಂಗಳು ಮುಂಚೆ.

ರಸೀದಿ ಬಂದ ದಿನವೇ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದವರಿಗೆ ತಿಳಿಸು. ಅಮೆರಿಕದವರ ಲೆಕ್ಕವನ್ನೇ ನೋಡು. 26ನೇ ತಾರೀಖು ಅಲ್ಲಿ ಥ್ಯಾಂಕ್ಸ್‌ಗಿವಿಂಗ್. ಆ ಗುರುವಾರ ರಜಾ, ಬಹಳ ಕಡೆ ಶುಕ್ರವಾರವೂ ರಜಾ, ಹಾಗಾಗಿ ಆಫೀಸಿನ ಒಂದೆರಡು ದಿನ ಉಳಿಯುತ್ತೆ. ಆದರೆ ಅದೇ ವಾರ ಅಲ್ಲಿ ಎಲ್ಲರೂ ಪ್ರಯಾಣ ಹೊರಡುತ್ತಾರೆ, ಟಿಕೆಟ್ ದುಬಾರಿ. ಭಾನುವಾರ 22ರ ರಾತ್ರಿ ಹೊರಟವರು ಬೆಂಗಳೂರಿಗೆ ಇಳಿಯೋದು ಮಂಗಳವಾರ 24ರ ಬೆಳಗಿನ ಜಾವ. ಅಲ್ಲಿಂದ ಮೈಸೂರಿಗೆ ಕಾರಿನಲ್ಲಿ ನಾಲ್ಕು ಗಂಟೆ. ಬುಧವಾರ ಸಂಜೆ ವರಪೂಜೆ. ನಡುವೆ ಸಿಗೋ ಆ ಒಂದು ದಿನ ಪೆಟ್ಟಿಗೆ ಎಲ್ಲೋ ಉಳಿದರೆ, ವಿಮಾನ ತಡವಾದರೆ ಬೇಕೇ ಬೇಕು. ಆದ್ದರಿಂದ ಧಾರೆಯ ದಿನವೊಂದನ್ನೇ ಬರೆದರೆ ಸಾಲದು. ಹೀಗೆ ಬರಿ:

"ನವೆಂಬರ್ 25, ಬುಧವಾರ ಸಂಜೆ ವರಪೂಜೆ, ಆರತಕ್ಷತೆ. 26, ಗುರುವಾರ ಬೆಳಿಗ್ಗೆ ಧಾರೆ. ಊರು ಮೈಸೂರು. 24ರೊಳಗೆ ಬಂದು ಸೇರಿ. ಲಗ್ನಪತ್ರಿಕೆ ಆಮೇಲೆ ಕಳಿಸುತ್ತೇವೆ."

ಕೊನೆಯ ಸಾಲು ಬಿಡಬೇಡ. ಬಿಟ್ಟರೆ ಇದನ್ನೇ ಕರೆಯೋಲೆ ಅಂದುಕೊಂಡು "ವಾಟ್ಸಾಪಿನಲ್ಲಿ ಕರೆದರು" ಅನ್ನೋ ಮಾತು ಹುಟ್ಟುತ್ತೆ. ಅದಕ್ಕೇ ಮಗನಿಗೆ ಮೆಸೇಜು ಹೋಗೋ ಮೊದಲು ಇಲ್ಲಿರೋ ಅವನ ಅಪ್ಪ ಅಮ್ಮನಿಗೆ ಒಂದು ಫೋನು ಮಾಡು. ಮಗನ ಬಾಯಿಂದ ಅವರಿಗೆ ಸುದ್ದಿ ಗೊತ್ತಾಗಬಾರದು.

ದುಬೈ ಕಡೆಯವರಿಗೆ ನಾಲ್ಕೈದು ತಿಂಗಳು ಮುಂಚೆ ತಿಳಿಸಿದರೂ ನಡೆಯುತ್ತೆ, ವಿಮಾನದಲ್ಲಿ ನಾಲ್ಕು ಗಂಟೆಯ ದಾರಿ ಅಷ್ಟೆ. ಆದರೆ ಯಾರ ಆಫೀಸಿನಲ್ಲಿ ವರ್ಷದ ರಜಾಪಟ್ಟಿಯನ್ನು ಮೊದಲೇ ಬರೆಸುತ್ತಾರೋ ಅವರಿಗೆ ಈಗಲೇ ಹೇಳು. ಡಿಸೆಂಬರ್ 2, 3 ಅಲ್ಲಿ ರಾಷ್ಟ್ರೀಯ ದಿನದ ರಜಾ, ಅದಕ್ಕೆ ಕೂಡಿಸಿಕೊಂಡರೆ ಒಂದು ವಾರ ನೆಮ್ಮದಿಯಾಗಿ ಇದ್ದು ಹೋಗಬಹುದು.

ಇನ್ನು ಕಾಗದಪತ್ರದ ವಿಷಯ. ಓಸಿಐ ಕಾರ್ಡ್ ಇದ್ದವರಿಗೆ ವೀಸಾ ಬೇಡ. ಹೊಸದಾಗಿ ಮಗು ಹುಟ್ಟಿದ ಮನೆಯವರನ್ನು ಮಾತ್ರ ನೀನೇ ಕೇಳು. ಮಗುವಿಗೆ ಮೊದಲು ಅಲ್ಲಿನ ಪಾಸ್‌ಪೋರ್ಟ್ ಆಗಬೇಕು, ಆಮೇಲೇ ಓಸಿಐ ಅಥವಾ ವೀಸಾ. ಅಮೆರಿಕದಲ್ಲಿ ಎಚ್-1ಬಿ ಮೇಲೆ ಇದ್ದು ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆ ಮುಗಿದಿರೋರು ಇಲ್ಲಿಗೆ ಬಂದರೆ, ವಾಪಸ್ ಹೋಗೋಕೆ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ ದಿನ ಸಿಗಬೇಕು. ಅದು ಸಿಗದ ಭಯಕ್ಕೇ ಕೆಲವರು ಬರೋದಿಲ್ಲ. ಅವರನ್ನು "ಖಂಡಿತ ಬರಲೇಬೇಕು" ಅಂತ ಒತ್ತಾಯ ಮಾಡಬೇಡ.

ನಿನ್ನ ವಿದೇಶಿ ಸ್ನೇಹಿತರು ಇ-ವೀಸಾ ತೆಗೆದುಕೊಳ್ಳಬೇಕು. ಒಂದು ವರ್ಷದ ಪ್ರವಾಸಿ ವೀಸಾಕ್ಕೆ ಬರುವ ದಿನಕ್ಕಿಂತ 120 ದಿನ ಮುಂಚಿನಿಂದ ಅರ್ಜಿ ಹಾಕಬಹುದು, ಮೂವತ್ತು ದಿನದ್ದಕ್ಕೆ ಕೊನೆಯ 30 ದಿನದಲ್ಲಿ ಮಾತ್ರ. ಈಗಲೇ ಅರ್ಜಿ ಹಾಕಲು ಹೋಗಿ, ಆಗಲಿಲ್ಲ ಅಂತ ಗಾಬರಿಯಾಗದಂತೆ ಮೊದಲೇ ಹೇಳಿರು. ಈಗ ನೋಡಿಕೊಳ್ಳಬೇಕಾದ್ದು ಪಾಸ್‌ಪೋರ್ಟನ್ನು. ಇಲ್ಲಿ ಇಳಿಯುವ ದಿನಕ್ಕೆ ಅದರ ಅವಧಿ ಇನ್ನೂ ಆರು ತಿಂಗಳು ಇರಬೇಕು, ಎರಡು ಖಾಲಿ ಪುಟವೂ ಬೇಕು. ನವೆಂಬರ್ 24ಕ್ಕೆ ಬರೋರ ಪಾಸ್‌ಪೋರ್ಟ್ ಮುಂದಿನ ವರ್ಷ ಮಾರ್ಚಿಗೆ ಮುಗಿಯೋದಾದರೆ ಈಗಲೇ ಹೊಸದಕ್ಕೆ ಹಾಕಲಿ.

ಒಂಬತ್ತು ತಿಂಗಳು ಮುಂಚೆ ಹೇಳಿದ್ದು ಮರೆತೂ ಹೋಗುತ್ತೆ. ಅದಕ್ಕೆ ಜುಲೈ ಕೊನೆ ವಾರ, ಸರಿಯಾಗಿ ಆ 120 ದಿನ ಶುರುವಾಗುವ ಹೊತ್ತಿಗೆ, ಇನ್ನೊಂದು ಸಾಲು ಕಳಿಸು. ಯಾರು ಟಿಕೆಟ್ ತೆಗೆದಿದ್ದಾರೆ ಅಂತ ಆಗಲೇ ಕೇಳಿ ಬರೆದಿಟ್ಟುಕೋ. "ನೋಡ್ತೀವಿ" ಅಂದವರನ್ನು ಛತ್ರದ ರೂಮಿನ ಲೆಕ್ಕಕ್ಕೆ ಸೇರಿಸಬೇಡ, ಊಟದ ಲೆಕ್ಕಕ್ಕೆ ಬೇಕಾದರೆ ಸೇರಿಸು. ಊರಿನವರಿಗೆ ಇದ್ಯಾವುದೂ ಬೇಡ, ಆರೇಳು ವಾರ ಮುಂಚೆ ಲಗ್ನಪತ್ರಿಕೆ ಹಿಡಿದು ಮನೆಗೆ ಹೋದರೆ ಸಾಕು.

ರಸೀದಿ ಬಂದ ಕೂಡಲೇ ನನಗೊಂದು ಫೋಟೋ ಕಳಿಸು. ಮೆಲ್ಬರ್ನಿನವರಿಗೆ ನಾನೇ ಹೇಳುತ್ತೇನೆ, ಅವರಿಗೆ ನಿನ್ನ ಮಲಗೋ ಹೊತ್ತಿನಲ್ಲಿ ಫೋನ್ ಮಾಡಬೇಡ, ಅಲ್ಲಿ ಆಗ ನಡುರಾತ್ರಿ ದಾಟಿರುತ್ತೆ.

ನಿನ್ನ
ಅತ್ತೆ